ಪಾಲಿಸಿ ನಿಲ್ಲಿಸುವ ಮುನ್ನ ಮೂರು ಲೆಕ್ಕ

ಎಂಡೋಮೆಂಟ್ ಪಾಲಿಸಿಯ ಕಂತು ಭಾರವೆನಿಸಿದಾಗ ಮುಂದಿರುವ ದಾರಿ ಮೂರು: ಕಟ್ಟುತ್ತಾ ಹೋಗುವುದು, ಕಟ್ಟುವುದನ್ನು ನಿಲ್ಲಿಸಿ ಪಾಲಿಸಿಯನ್ನು ಪೇಡ್-ಅಪ್ ಆಗಲು ಬಿಡುವುದು, ಇಲ್ಲವೇ ಸರೆಂಡರ್ ಮಾಡಿ ಹಣ ಪಡೆಯುವುದು.

ಒಂದು ಉದಾಹರಣೆ ನೋಡೋಣ. ವಿಮಾ ಮೊತ್ತ 5 ಲಕ್ಷ, ಅವಧಿ 20 ವರ್ಷ, ವಾರ್ಷಿಕ ಕಂತು 26,000 ರೂಪಾಯಿ. ಬೋನಸ್ ವರ್ಷಕ್ಕೆ ಸಾವಿರಕ್ಕೆ 40ರಂತೆ ಬರುತ್ತದೆ ಎಂದುಕೊಳ್ಳೋಣ. ಅಂದರೆ ವರ್ಷಕ್ಕೆ 20,000. ಐದು ಕಂತು, ಅಂದರೆ 1.30 ಲಕ್ಷ ಕಟ್ಟಿಯಾಗಿದೆ.

ಇಲ್ಲಿಗೆ ನಿಲ್ಲಿಸಿದರೆ ವಿಮಾ ಮೊತ್ತ ಕಟ್ಟಿದ ಕಂತಿನ ಅನುಪಾತಕ್ಕೆ ಇಳಿಯುತ್ತದೆ. 20ರಲ್ಲಿ 5 ಕಂತು ಕಟ್ಟಿದ್ದರಿಂದ 5 ಲಕ್ಷ 1.25 ಲಕ್ಷವಾಗುತ್ತದೆ. ಈಗಾಗಲೇ ಸೇರಿದ 1 ಲಕ್ಷ ಬೋನಸ್ ಉಳಿಯುತ್ತದೆ, ಹೊಸ ಬೋನಸ್ ಸೇರುವುದಿಲ್ಲ. ಹೀಗೆ ಒಟ್ಟು 2.25 ಲಕ್ಷ ಕೈಸೇರುವುದು ಅವಧಿ ಮುಗಿದಾಗ. ನಡುವೆ ಸಾವು ಸಂಭವಿಸಿದರೂ ಮನೆಯವರಿಗೆ ಸಿಗುವುದು ಅಷ್ಟೇ. ಕಂತು ಕಟ್ಟುತ್ತಿದ್ದರೆ 6 ಲಕ್ಷಕ್ಕೂ ಹೆಚ್ಚು ಸಿಗುತ್ತಿತ್ತು.

ಸರೆಂಡರ್ ಎಂದರೆ ಹದಿನೈದು ವರ್ಷದ ನಂತರ ಬರಬೇಕಾದ ಆ 2.25 ಲಕ್ಷವನ್ನು ಬಡ್ಡಿ ಕಳೆದು ಈಗಲೇ ಪಡೆಯುವುದು. ಶೇ 7ರ ಲೆಕ್ಕದಲ್ಲಿ ಅದು ಸುಮಾರು 81,000 ರೂಪಾಯಿ. ಹಳೆಯ ಪಾಲಿಸಿಗಳಲ್ಲಿ ಇನ್ನೂ ಕಡಿಮೆ ಬರಬಹುದು. ಕಟ್ಟಿದ 1.30 ಲಕ್ಷವೂ ವಾಪಸ್ ಬರುವುದಿಲ್ಲ, ಏಕೆಂದರೆ ಮೊದಲ ವರ್ಷಗಳ ಕಂತಿನಲ್ಲಿ ದೊಡ್ಡ ಪಾಲು ಏಜೆಂಟರ ಕಮಿಷನ್ ಮತ್ತು ಕಂಪನಿಯ ಖರ್ಚಿಗೆ ಹೋಗಿರುತ್ತದೆ.

ಹಾಗಾದರೆ ಮುಂದುವರಿಸುವುದೇ ಲಾಭವೇ? ಉತ್ತರ ಇರುವುದು ಉಳಿದ ಕಂತುಗಳಲ್ಲಿ. ಪೂರ್ತಿ ಕಟ್ಟಿದರೆ ಕೊನೆಗೆ 9 ಲಕ್ಷ ಬರುತ್ತದೆ. 81,000 ರೂಪಾಯಿಯನ್ನೂ ಮುಂದಿನ ಹದಿನೈದು ಕಂತುಗಳನ್ನೂ ಶೇ 7ರ ಬಡ್ಡಿಯಲ್ಲಿ ಬೇರೆಡೆ ಇಟ್ಟರೆ ಸುಮಾರು 9.2 ಲಕ್ಷವಾಗುತ್ತದೆ. ಹೆಚ್ಚು ಕಡಿಮೆ ಸಮ, ಆದರೆ ಬೇರೆಡೆ ಇಟ್ಟ ಹಣಕ್ಕೆ ಜೀವವಿಮೆಯ ರಕ್ಷಣೆ ಇರುವುದಿಲ್ಲ.

ಇದೇ ಲೆಕ್ಕವನ್ನು ಹದಿನೈದನೇ ಕಂತಿನ ನಂತರ ಮಾಡಿದರೆ ಚಿತ್ರ ಬದಲಾಗುತ್ತದೆ. ಸರೆಂಡರ್ ಮಾಡಿ ಅದೇ ಬಡ್ಡಿಗೆ ಇಟ್ಟರೆ ಕೊನೆಗೆ ಆಗುವುದು ಸುಮಾರು 8.35 ಲಕ್ಷ, ಉಳಿದ ಐದು ಕಂತು ಕಟ್ಟಿದವರಿಗೆ 9 ಲಕ್ಷ. ಎರಡೇ ಕಂತು ಕಟ್ಟಿದ್ದರೆ ಮಾತು ಬೇರೆ: ಆಗ ಕಳೆದುಹೋಗುವುದು ಕಡಿಮೆ, ಮುಂದಿನ ಕಂತುಗಳ ಗಳಿಕೆಯೂ ಸುಮಾರು ಶೇ 5.5 ಮಾತ್ರ. ನಿಲ್ಲಿಸುವುದಾದರೆ ಬೇಗ ನಿಲ್ಲಿಸಬೇಕು.

ತೀರ್ಮಾನಿಸುವ ಮೊದಲು ಶಾಖೆಯಿಂದ ಸರೆಂಡರ್ ಮೌಲ್ಯ ಮತ್ತು ಪೇಡ್-ಅಪ್ ಮೌಲ್ಯಗಳನ್ನು ಬರಹದಲ್ಲಿ ಪಡೆಯಿರಿ. ಹಣದ ತೊಂದರೆ ತಾತ್ಕಾಲಿಕವಾಗಿದ್ದರೆ ಸರೆಂಡರ್ ಬೇಡ: ಕಟ್ಟದ ಮೊದಲ ಕಂತಿನಿಂದ ಸಾಮಾನ್ಯವಾಗಿ ಐದು ವರ್ಷದೊಳಗೆ ಬಾಕಿ ಮತ್ತು ಬಡ್ಡಿ ತೆತ್ತು ಪಾಲಿಸಿಗೆ ಮತ್ತೆ ಜೀವ ಕೊಡಬಹುದು. ಆದರೆ ಅಷ್ಟರಲ್ಲಿ ಆರೋಗ್ಯ ಕೆಟ್ಟಿದ್ದರೆ ಕಂಪನಿ ಒಪ್ಪದಿರಬಹುದು. ಸರೆಂಡರ್ ಆದ ಪಾಲಿಸಿಗೆ ಆ ಅವಕಾಶವೂ ಇಲ್ಲ.