ಎರಡು ಸಾವಿರ ಡಿಗ್ರಿಯ ಗೀಸರ್

ಬಚ್ಚಲುಮನೆಯ 15 ಲೀಟರಿನ ಗೀಸರನ್ನೇ ತೆಗೆದುಕೊಳ್ಳೋಣ. ಅದರ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 63,000 ಜೂಲ್ ಶಕ್ತಿ ಬೇಕು. ಕೋಣೆಗಿಂತ ನೀರು ಎಷ್ಟು ಡಿಗ್ರಿ ಬಿಸಿಯಿದೆಯೋ ಅಷ್ಟು ವಾಟ್ ಶಾಖ ಹೊರಗೆ ಸೋರುತ್ತದೆ ಎಂದಿಟ್ಟುಕೊಳ್ಳಿ. ಆಗ ಇದರ ಟ್ರಾನ್ಸ್‌ಫರ್ ಫಂಕ್ಷನ್ ಇಷ್ಟೇ:

G(s) = 1/(63000s + 1)

ಇಲ್ಲಿ ಒಳಹರಿವು ಕಾಯಿಲ್‌ಗೆ ಕೊಡುವ ವಾಟ್; ಫಲ, ಕೋಣೆಗಿಂತ ನೀರು ಎಷ್ಟು ಬಿಸಿ ಎಂಬುದು. ಎರಡರ ಲಾಪ್ಲಾಸ್ ರೂಪಗಳ ಅನುಪಾತವೇ G. ಆ s ಅನ್ನು ‘ಬದಲಾವಣೆಯ ವೇಗ’ದ ಗುರುತು ಎಂದು ಓದಿಕೊಂಡರೆ ಸಾಕು. ನೀರು ಈಗ ಎಷ್ಟು ಬಿಸಿಯಿದೆ ಎಂದು ಈ ಸೂತ್ರ ಹೇಳುವುದಿಲ್ಲ. ಯಾವ ವಿದ್ಯುತ್ತು ಕೊಟ್ಟರೆ ಯಾವ ಬಿಸಿ ಹುಟ್ಟುತ್ತದೆ ಎಂಬ ಗೀಸರಿನ ಸ್ವಭಾವವನ್ನಷ್ಟೇ ಹೇಳುತ್ತದೆ.

ಎಂಥ ಒಳಹರಿವಿಗೂ ಒಂದೇ ಸೂತ್ರ ಸಾಲುವುದು ಹೇಗೆ? ಸ್ವಿಚ್ಚನ್ನು ಒಂದು ಕ್ಷಣ ಒತ್ತಿ ಬಿಟ್ಟಾಗ ನೀರು ಬಿಸಿಯಾಗಿ ಆರುವ ರೀತಿಯನ್ನು ಒಮ್ಮೆ ಗುರುತಿಸಿಕೊಳ್ಳಿ. ಅರ್ಧ ಗಂಟೆಯ ವಿದ್ಯುತ್ತೆಂದರೆ ಅಂಥ ಕ್ಷಣಗಳ ಸಾಲು. ಪ್ರತಿ ಕ್ಷಣದ ಫಲವನ್ನೂ ಕೂಡಿಸುತ್ತ ಹೋದರೆ ಒಟ್ಟು ಫಲ ಸಿಗುತ್ತದೆ. ಆದರೆ ಹಾಗೆ ಕೂಡಿಸಬೇಕಾದರೆ ಎರಡರಷ್ಟು ವಾಟ್‌ಗೆ ಎರಡರಷ್ಟೇ ಫಲ ಬರಬೇಕು, ಒಂದರ ಫಲ ಇನ್ನೊಂದನ್ನು ಕೆಡಿಸಬಾರದು, ಇದೇ ರೇಖೀಯತೆ. ಬೆಳಿಗ್ಗೆ ಒತ್ತಿದರೂ ರಾತ್ರಿ ಒತ್ತಿದರೂ ಪ್ರತಿಕ್ರಿಯೆ ಒಂದೇ ಆಗಿರಬೇಕು. ಇದು ಕಾಲದೊಂದಿಗೆ ಬದಲಾಗದ ಗುಣ. ಇವೆರಡರಲ್ಲಿ ಒಂದು ತಪ್ಪಿದರೂ ಆ ಅನುಪಾತ ಗೀಸರಿನದಾಗಿ ಉಳಿಯುವುದಿಲ್ಲ, ಕೊಟ್ಟ ವಿದ್ಯುತ್ತಿಗೆ ತಕ್ಕಂತೆ, ಕೊಟ್ಟ ಹೊತ್ತಿಗೆ ತಕ್ಕಂತೆ ಬೇರೆಯಾಗುತ್ತದೆ.

ನಿಜವಾದ ಗೀಸರ್ ಇಷ್ಟು ಸಾಧು ಅಲ್ಲ. 2,000 ವಾಟ್ ಕೊಡುತ್ತಲೇ ಇದ್ದರೆ ನೀರು ಕೋಣೆಗಿಂತ 2,000 ಡಿಗ್ರಿ ಬಿಸಿಯಾಗುತ್ತದೆ ಎನ್ನುತ್ತದೆ ಸೂತ್ರ! ಅದಕ್ಕೆ ಕುದಿಯುವುದೂ ಗೊತ್ತಿಲ್ಲ, ನಡುವೆ ಕರೆಂಟ್ ಕತ್ತರಿಸುವ ಥರ್ಮೋಸ್ಟಾಟೂ ಗೊತ್ತಿಲ್ಲ. ಕಾಯುತ್ತಿರುವಾಗಲೇ ಯಾರಾದರೂ ನಲ್ಲಿ ತಿರುಗಿಸಿ ತಣ್ಣೀರು ಒಳಬಂದರೆ ಸೋರಿಕೆಯ ಲೆಕ್ಕವೇ ಬದಲಾಗುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷಕ್ಕೆ ಮಾತ್ರ ಸೂತ್ರವನ್ನು ಧಾರಾಳವಾಗಿ ನಂಬಬಹುದು.

ಇನ್ನು ‘ಶೂನ್ಯ ಆರಂಭ ಸ್ಥಿತಿ’. ಕೋಣೆ 25 ಡಿಗ್ರಿ, ನೀರೂ 25 ಡಿಗ್ರಿ ಇದ್ದಾಗ 2,000 ವಾಟ್‌ನಲ್ಲಿ ಹತ್ತು ನಿಮಿಷ ಕಾಯಿಸಿದರೆ ಸುಮಾರು 19 ಡಿಗ್ರಿ ಏರಿ 44 ಆಗುತ್ತದೆ. ನೀರು ಮೊದಲೇ 45 ಡಿಗ್ರಿ ಇದ್ದಿದ್ದರೆ? ಉಳಿದಿದ್ದ 20 ಡಿಗ್ರಿ ತನ್ನ ಪಾಡಿಗೆ ತಾನು ನಿಧಾನವಾಗಿ ಆರುತ್ತಿರುತ್ತದೆ, ಅದರ ಮೇಲೆ ಹೊಸ 19 ಕೂಡುತ್ತದೆ. ನೀರು ಸುಮಾರು 64 ಮುಟ್ಟುತ್ತದೆ. ಹಳೆಯ ಬಿಸಿ ಈ ಸ್ವಿಚ್ಚಿನ ಫಲವಲ್ಲ. ಸ್ವಿಚ್ ಹಾಕದೆಯೂ ಅದು ಅಲ್ಲಿರುತ್ತದೆ, ಆಗ ಅನುಪಾತ ಹುಡುಕಿದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆದ್ದರಿಂದ G ಬರೆಯುವಾಗ ಹಳೆಯ ಬಿಸಿಯನ್ನು ಪಕ್ಕಕ್ಕಿಟ್ಟು, ಉತ್ತರ ಬೇಕಾದಾಗ ಬೇರೆಯಾಗಿ ಸೇರಿಸುತ್ತಾರೆ.

ಇಲ್ಲಿ ಶೂನ್ಯವೆಂದರೆ ಸೊನ್ನೆ ಡಿಗ್ರಿಯ ಮಂಜುಗಡ್ಡೆಯಲ್ಲ. 35 ವಾಟ್ ಕೊಡುತ್ತ ನೀರನ್ನು 60 ಡಿಗ್ರಿಯಲ್ಲಿ ಹಿಡಿದಿಟ್ಟಿದ್ದರೆ, ಆ ನೆಲೆಯನ್ನೇ ಶೂನ್ಯವೆಂದು ಕರೆದು, ಅಲ್ಲಿಂದ ಮೇಲಿನ ಕೆಳಗಿನ ಏರಿಳಿತವನ್ನಷ್ಟೇ ಅದೇ ಸೂತ್ರದಿಂದ ಲೆಕ್ಕ ಹಾಕಬಹುದು.