30 ಅಕ್ಷರದೊಳಗೆ ಚೌಕಾಬಾರ

ಪ್ಲೇ ಸ್ಟೋರ್‌ನಲ್ಲಿ ಒಂದು ಆಟದ ಹೆಸರಿಗೆ ಸಿಗೋದು ಬರೀ 30 ಅಕ್ಷರದ ಜಾಗ. ಮೊದಲು 50 ಇತ್ತು, 2021ರಲ್ಲಿ ಗೂಗಲ್ ಇಳಿಸಿತು. ಇಂಗ್ಲಿಷ್‌ನಲ್ಲಿ ಬರೆಯೋರಿಗೆ ಇದು ಬಿಗಿ ಅನ್ನಿಸಬಹುದು, ಕನ್ನಡದಲ್ಲಿ ಬರೆಯೋರಿಗೆ ಇನ್ನೂ ಬಿಗಿ. ಯಾಕಂದ್ರೆ ಕಂಪ್ಯೂಟರ್ ನಮ್ಮ ಹಾಗೆ ಅಕ್ಷರ ಎಣಿಸೋದಿಲ್ಲ. ಕೊಂಬು, ಒತ್ತು, ದೀರ್ಘ ಎಲ್ಲಕ್ಕೂ ಅದು ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ. 'ಲಕ್ಷ್ಮಿ' ನಮಗೆ ಎರಡೇ ಅಕ್ಷರ, ಆದರೆ ಯೂನಿಕೋಡ್ ಲೆಕ್ಕದಲ್ಲಿ ಏಳು. 'ಚೌಕಾಬಾರ' ನಾಲ್ಕಲ್ಲ, ಅದೂ ಏಳು. ಅಂದರೆ 30ರ ಮಿತಿ ಕನ್ನಡಕ್ಕೆ ಬಂದಾಗ ಹೆಚ್ಚುಕಮ್ಮಿ ಹದಿನೈದು ಅಕ್ಷರದ ಮಿತಿಯಾಗುತ್ತದೆ.

ಈ ಲೆಕ್ಕ ನನಗೆ ಬಾಯಿಪಾಠ ಆಗಿದ್ದು ಖಾನಾಪುರದ ಗೆಳೆಯನ ಆಟಕ್ಕೆ ಸ್ಟೋರ್ ಲಿಸ್ಟಿಂಗ್ ಬರೆಯುವಾಗ. ಅವನು ಮಾಡಿದ್ದು ಚೌಕಾಬಾರ. ಐದು ಸಾಲು, ಐದು ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಎದುರಿನವರ ಕಾಯಿ ಕಡಿಯದೆ ಒಳಮನೆಗೆ ಪ್ರವೇಶ ಇಲ್ಲ. ಆಟ ಚೆಂದ ಬಂದಿತ್ತು. ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆವು.

ತೊಂದರೆ ಏನಂದ್ರೆ ಈ ಆಟಕ್ಕೆ ಊರಿಗೊಂದು ಹೆಸರು. ಮೈಸೂರು ಕಡೆ ಕಟ್ಟೆಮನೆ, ನಮ್ಮ ಕಡೆ ಕೆಲವರ ಬಾಯಲ್ಲಿ ಚಕ್ಕಾ, ತೆಲುಗಿನವರಿಗೆ ಅಷ್ಟಾಚೆಮ್ಮಾ, ಮರಾಠಿಯಲ್ಲಿ ಚಲ್ಲಸ್ ಆಠ್. ಬೆಳಗಾವಿ, ಖಾನಾಪುರದಲ್ಲಿ ಒಂದೇ ಓಣಿಯಲ್ಲಿ ಕನ್ನಡದ ಮನೆ, ಮರಾಠಿ ಮನೆ ಎರಡೂ ಇರುತ್ತವೆ. ಒಂದೇ ಆಟವನ್ನು ಎರಡು ಹೆಸರಲ್ಲಿ ಹುಡುಕುತ್ತಾರೆ. ಗೆಳೆಯ ಮೊದಲು ಕೂತಿದ್ದು 'ಚಕ್ಕಾ' ಅನ್ನೋದರ ಮೇಲೆ. "ಲೇ, ನಮ್ಮಜ್ಜಿ ಹಂಗೇ ಅಂತಿದ್ಳು, ಅದನ್ನ ಇಡೋಣು" ಅಂದ. ಭಾವನೆಗೆ ಸರಿ. ಆದರೆ Chakka ಅಂತ ಟೈಪ್ ಮಾಡುವವನು ಏನು ಹುಡುಕುತ್ತಿದ್ದಾನೆ ಅಂತ ಯಾರಿಗೆ ಗೊತ್ತು? ಹಿಂದಿಯಲ್ಲಿ ಸಿಕ್ಸರ್‌ಗೂ ಅದೇ ಸದ್ದಿನ ಪದ, ಮಲಯಾಳಂನಲ್ಲಿ ಹಲಸಿನ ಹಣ್ಣಿಗೂ ಅದೇ. ಹಲವು ಅರ್ಥ ಇರುವ ಪದ ಶೀರ್ಷಿಕೆಯಲ್ಲಿದ್ದರೆ ತಪ್ಪು ಜನ ಬರ್ತಾರೆ, ನೋಡಿ ಹೋಗ್ತಾರೆ. ಅಂಥ ಪದಕ್ಕೆ ಜಾಗ ಒಳಗಿನ ವಿವರಣೆಯಲ್ಲಿ.

ಆ್ಯಪಲ್‌ನ ಸ್ಟೋರ್‌ನಲ್ಲಿ ಹುಡುಕುಪದಗಳಿಗೆ ಅಂತಲೇ 100 ಅಕ್ಷರದ ಬೇರೆ ಖಾನೆ ಇದೆ, ಜನರಿಗೆ ಅದು ಕಾಣುವುದಿಲ್ಲ. ಗೂಗಲ್‌ನಲ್ಲಿ ಅಂಥದ್ದಿಲ್ಲ. ಅದು ಓದುವುದು ಶೀರ್ಷಿಕೆ, 80 ಅಕ್ಷರದ ಕಿರುವಿವರಣೆ, 4000 ಅಕ್ಷರದ ಪೂರ್ಣ ವಿವರಣೆ, ಇವುಗಳನ್ನೇ. ಹಾಗಾಗಿ ಯಾವ ಹೆಸರು ಎಲ್ಲಿ ಕೂರಬೇಕು ಅನ್ನೋದೇ ನಿಜವಾದ ಕೆಲಸ. ನಾವು ಕೊನೆಗೆ ಮೂರು ಭಾಷೆಗೆ ಮೂರು ಶೀರ್ಷಿಕೆ ಮಾಡಿದೆವು:

```
Chowka Bara: Ashta Chamma
ಚೌಕಾಬಾರ ಕಟ್ಟೆಮನೆ: ಕವಡೆ ಆಟ
चल्लस आठ: कवड्यांचा खेळ
```

ಮೊದಲನೆಯದು 25, ಎರಡನೆಯದೂ 25, ಮೂರನೆಯದು 23. ಮಿತಿ 30 ಇದೆ ಅಂತ 30ನ್ನೂ ತುಂಬಿಸಬೇಕಾಗಿಲ್ಲ. ಚಿಕ್ಕ ಫೋನಿನಲ್ಲಿ ಉದ್ದ ಹೆಸರು ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ ಬರುತ್ತದೆ, ಆದ್ದರಿಂದ ಮುಖ್ಯ ಹೆಸರು ಮೊದಲೇ ಇರಬೇಕು. ಎರಡು ಹೆಸರಿಗಿಂತ ಹೆಚ್ಚು ಪೋಣಿಸಲೂ ಬಾರದು. ಹುಡುಕುಪದಗಳ ರಾಶಿ ಸುರಿಯೋದು ಗೂಗಲ್ ನಿಯಮಕ್ಕೆ ವಿರುದ್ಧ, ಓದುವವನಿಗೂ ಅದು ಸಂತೆಯಲ್ಲಿ ಕೂಗಿದ ಹಾಗೆ ಕೇಳುತ್ತದೆ. 'ಬೆಸ್ಟ್', 'ನಂಬರ್ 1', 'ಫ್ರೀ' ಅನ್ನೋ ಮಾತು, ಎಮೋಜಿ, ಇಂಗ್ಲಿಷ್‌ನಲ್ಲಿ ಬರೀ ದೊಡ್ಡಕ್ಷರ, ಇವೆಲ್ಲ ಶೀರ್ಷಿಕೆಯಲ್ಲಿ ನಿಷಿದ್ಧ. ಇನ್ನೊಬ್ಬರ ಆಟದ ಹೆಸರಂತೂ ಬೇಡವೇ ಬೇಡ. 'ಲೂಡೋ ಕಿಂಗ್ ಥರ' ಅಂತ ಬರೆಯೋ ಆಸೆ ಎಲ್ಲರಿಗೂ ಬರುತ್ತದೆ. ಲಿಸ್ಟಿಂಗ್ ತಿರಸ್ಕಾರ ಆಗೋಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸೋದಿಲ್ಲ. ಕನ್ನಡ ಲಿಸ್ಟಿಂಗ್ ಕಾಣೋದು ಭಾಷೆ ಕನ್ನಡಕ್ಕೆ ಇಟ್ಟುಕೊಂಡವರಿಗೆ. ನೀವು ನಿಮ್ಮ ಫೋನಿನ ಭಾಷೆ ನೋಡಿಕೊಳ್ಳಿ. ಇಂಗ್ಲಿಷ್ ಇರುತ್ತದೆ, ಅಲ್ವಾ? ಮನೆಯಲ್ಲಿ ಅಚ್ಚಗನ್ನಡ ಮಾತಾಡೋರೂ ಪ್ಲೇ ಸ್ಟೋರ್‌ನಲ್ಲಿ ಇಂಗ್ಲಿಷ್ ಪುಟವನ್ನೇ ನೋಡುತ್ತಾರೆ. ಹಾಗಾಗಿ ಇಂಗ್ಲಿಷ್ ಲಿಸ್ಟಿಂಗ್ ಬರೀ ಹೊರಗಿನವರಿಗಲ್ಲ, ನಮ್ಮವರಿಗೂ ಅದೇ ಬಾಗಿಲು. ಅಲ್ಲಿ ಹೆಸರುಗಳು ಜನ ಟೈಪ್ ಮಾಡೋ ಇಂಗ್ಲಿಷ್ ಅಕ್ಷರದಲ್ಲಿರಬೇಕು. ಪೂರ್ಣ ವಿವರಣೆಯಲ್ಲಿ ಒಂದೇ ವಾಕ್ಯ ಸಾಕು: ಈ ಆಟವನ್ನು ಕರ್ನಾಟಕದಲ್ಲಿ Katte Mane, Chakka ಅಂತಲೂ, ಮಹಾರಾಷ್ಟ್ರದಲ್ಲಿ Challas Aath ಅಂತಲೂ ಕರೆಯುತ್ತಾರೆ. ಇದು ಪದಗಳ ರಾಶಿ ಅಲ್ಲ, ಓದುವವನಿಗೆ ಬೇಕಾದ ಮಾಹಿತಿ.

ಕಿರುವಿವರಣೆಗೆ ಬರೋಣ. ಫೋನಿನಲ್ಲಿ ಪೂರ್ಣ ವಿವರಣೆ ಮಡಚಿಕೊಂಡಿರುತ್ತದೆ, ಒತ್ತಿದರೆ ಮಾತ್ರ ತೆರೆಯುತ್ತದೆ. ಒತ್ತುವವರು ಕಮ್ಮಿ. ಸುಮ್ಮನೆ ಕಣ್ಣಿಗೆ ಬೀಳೋ ಬರಹ ಅಂದರೆ ಈ 80 ಅಕ್ಷರವೇ. ಗೆಳೆಯ ಬರೆದಿದ್ದು "ನಮ್ಮ ಪರಂಪರೆಯ ಅದ್ಭುತ ಆಟ, ಈಗ ನಿಮ್ಮ ಮೊಬೈಲ್‌ನಲ್ಲಿ" ಅಂತ. ಇದನ್ನ ಪಗಡೆಗೂ ಹಾಕಬಹುದು, ಅಳಗುಳಿಮಣೆಗೂ ಹಾಕಬಹುದು. ನಾನು ಕೇಳಿದ್ದಿಷ್ಟೇ: ಯಾರು ಆಡ್ತಾರೆ, ಎಲ್ಲಿ ಕೂತು ಆಡ್ತಾರೆ? ಅವನಿಗೆ ಉತ್ತರ ಗೊತ್ತಿತ್ತು. ಬೆಳಗಾವಿಯಿಂದ ಖಾನಾಪುರ ದಾಟಿ ಲೋಂಡಾ ಕಡೆ ಹೋಗುವ ರೈಲಿನಲ್ಲಿ ಕಾಡು ಶುರುವಾದ ಮೇಲೆ ಸಿಗ್ನಲ್ ಹೋಗುತ್ತೆ, ಆಗ ನಾಲ್ಕು ಜನ ಒಂದೇ ಫೋನು ನಡುವೆ ಇಟ್ಟುಕೊಂಡು ಆಡಬೇಕು ಅಂತಲೇ ಅವನು ಆಟ ಕಟ್ಟಿದ್ದು. ಹಾಗಾದರೆ ಅದನ್ನೇ ಬರಿ ಅಂದೆ.

```
ನಾಲ್ಕು ಕವಡೆ, 25 ಮನೆ. ಒಂದೇ ಫೋನಿನಲ್ಲಿ ನಾಲ್ವರು ಆಡಿ; ನೆಟ್ ಬೇಡ.
```

ಇದು 58. ಉಳಿದ 22 ಖಾಲಿ ಬಿಟ್ಟೆವು. 'ಈಗಲೇ ಡೌನ್‌ಲೋಡ್ ಮಾಡಿ' ಅಂತ ಸೇರಿಸೋ ಮನಸ್ಸಾಗುತ್ತದೆ, ಆದರೆ ಗೂಗಲ್ ಅಂಥ ಕರೆಯನ್ನೂ ಬೇಡ ಅನ್ನುತ್ತದೆ.

ಐಕನ್ 512 ಪಿಕ್ಸೆಲ್ ಚೌಕದಲ್ಲಿ ಕೊಡಬೇಕು, ಜನ ನೋಡೋದು ಬೆರಳಿನ ಉಗುರಿನಷ್ಟು. ಅವನ ಮೊದಲ ಐಕನ್‌ನಲ್ಲಿ ಬಣ್ಣಬಣ್ಣದ ಇಡೀ ಮಣೆ ಇತ್ತು. ಖಾನಾಪುರ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಕಾಕೂಗೆ ತೋರಿಸಿ, "ಕಾಕೂ, ಇದು ಯಾವ ಆಟ ಹೇಳ್ರಿ?" ಅಂತ ಕೇಳಿದ. "ಲೂಡೋ ಅಲ್ಲೇನಪಾ?" ಅಂದರು. ಚೌಕಾಬಾರ ಆಡಿ ಬೆಳೆದವರೇ ಹಾಗಂದ ಮೇಲೆ ಮುಗೀತು. ನಾಲ್ಕು ಕವಡೆ ಹಾಕಿ ನೋಡಿದರೆ ಆ ಗಾತ್ರದಲ್ಲಿ ಉದುರಿದ ಹಲ್ಲಿನ ಹಾಗೆ ಕಂಡವು. ಕೊನೆಗೆ ಎರಡೇ ಕವಡೆ, ಒಂದು ಬಾಯಿ ಮೇಲೆ, ಒಂದು ಬೋರಲು, ಹಿಂದೆ ಗಾಢ ಕೆಂಪು. ಯಾರಿಗೆ ತೋರಿಸಿದರೂ ಕವಡೆ ಅಂತಲೇ ಹೇಳಿದರು. ಲಿಸ್ಟಿಂಗ್ ಹಾಕುವ ಮುಂಚೆ ಇಷ್ಟು ಪರೀಕ್ಷೆಗೆ ದುಡ್ಡೇನೂ ಬೇಡ. ಐದು ಸೆಕೆಂಡ್ ತೋರಿಸಿ, ಫೋನು ಮಗುಚಿ, ಏನು ಕಂಡಿತು ಅಂತ ಕೇಳಬೇಕು. 'ಚೆನ್ನಾಗಿದೆಯಾ' ಅಂತ ಕೇಳಬಾರದು, ಎಲ್ಲರೂ ಹೌದು ಅಂತಾರೆ.

ಸ್ಕ್ರೀನ್‌ಶಾಟ್ ಎಂಟರ ತನಕ ಹಾಕಬಹುದು. ಆಟಗಳಿಗೆ ಕನಿಷ್ಠ ಮೂರಾದರೂ 1080 ಅಗಲ 1920 ಎತ್ತರದವು, ಇಲ್ಲಾ ಅದನ್ನೇ ಅಡ್ಡ ಮಲಗಿಸಿದವು ಇದ್ದರೆ ಗೂಗಲ್ ತನ್ನ ಶಿಫಾರಸುಗಳಲ್ಲಿ ದೊಡ್ಡದಾಗಿ ತೋರಿಸಲು ಪರಿಗಣಿಸುತ್ತದೆ. ಚೌಕಾಬಾರದ ಮಣೆ ಚೌಕ. ನಿಂತ ಚಿತ್ರದಲ್ಲಿ ಮಣೆಗೆ ಮೇಲೆ ಒಂದು ಸಾಲು ಬರೆಯಲು ಜಾಗ ಉಳಿಯುತ್ತದೆ, ಒಂದೇ ನೋಟಕ್ಕೆ ಎರಡು ಮೂರು ಚಿತ್ರ ಕಾಣುತ್ತವೆ. ಆ ಸಾಲು ಚಿತ್ರದ ಐದನೇ ಒಂದು ಭಾಗ ಮೀರಬಾರದು ಅನ್ನೋದು ಗೂಗಲ್‌ನದೇ ಸಲಹೆ.

ಮೊದಲ ಚಿತ್ರವಾಗಿ ಅವನು ಇಟ್ಟಿದ್ದು ಮೆನು ಪರದೆ. ಬಹುತೇಕ ಹೊಸಬರು ಇದನ್ನೇ ಮಾಡೋದು, ಆಟ ತೆರೆದಾಗ ಮೊದಲು ಬರೋದು ಅದೇ ಅಂತ. ಆದರೆ ಮೆನು ನೋಡಿ ಯಾರಿಗೂ ಆಡಬೇಕು ಅನ್ನಿಸೋದಿಲ್ಲ. ಕಾಯಿ ಕಡಿಯುವ ಕ್ಷಣ ಹಾಕಿದೆವು: ಕವಡೆ ಬಿದ್ದಿದೆ, ಕೆಂಪು ಕಾಯಿ ಹಸಿರನ್ನು ಹೊಡೆದಿದೆ, ಮೇಲೆ "ಕಡಿದ್ರೆ ಮಾತ್ರ ಒಳಮನೆ" ಅಂತ ಒಂದೇ ಸಾಲು. ಎರಡನೆಯದು ನಾಲ್ವರ ಆಟ. ಮೂರನೆಯದರ ಬಗ್ಗೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಅವನಿಗೆ ಗೆದ್ದಾಗ ಸಿಡಿಯುವ ಪಟಾಕಿ ಬೇಕಿತ್ತು, ನನಗೆ ನಿಯಮ ಆರಿಸುವ ಪರದೆ. ಈ ಆಟದಲ್ಲಿ ಮನೆಮನೆಗೂ ನಿಯಮ ಬೇರೆ: ಚೌಕಾ ಬಿದ್ದರೆ ಇನ್ನೊಂದು ಸಲ ಹಾಕಬಹುದೇ, ಕಡಿಯದೆ ಒಳಗೆ ಹೋಗಬಹುದೇ, ಕಟ್ಟೆಯಲ್ಲಿ ಎಷ್ಟು ಕಾಯಿ ನಿಲ್ಲಬಹುದು. ತಮ್ಮ ಮನೆಯ ನಿಯಮ ಇಲ್ಲ ಅಂತ ಗೊತ್ತಾದ ಕೂಡಲೇ ಜನ ಒಂದು ಸ್ಟಾರ್ ಕೊಟ್ಟು ಅಳಿಸುತ್ತಾರೆ. ಬರುವ ಮುಂಚೆಯೇ ತೋರಿಸಿದರೆ ಆ ಸಿಟ್ಟಿಗೆ ಜಾಗ ಇಲ್ಲ. ಪೂರ್ಣ ವಿವರಣೆಯಲ್ಲೂ ಮೊದಲ ಪ್ಯಾರಾ ಈ ನಿಯಮಗಳಿಗೇ ಕೊಟ್ಟೆವು. ಪಟಾಕಿ ಆರನೇ ಚಿತ್ರಕ್ಕೆ ಹೋಯಿತು.

ಇನ್ನು ಪ್ಲೇ ಕನ್ಸೋಲ್‌ನಲ್ಲಿ ಲಿಸ್ಟಿಂಗ್ ಪ್ರಯೋಗ ಅಂತ ಒಂದು ಸೌಲಭ್ಯ ಇದೆ. ಬಂದವರಲ್ಲಿ ಅರ್ಧ ಜನಕ್ಕೆ ಹಳೇ ಐಕನ್, ಅರ್ಧ ಜನಕ್ಕೆ ಹೊಸದು ತೋರಿಸಿ, ಎಲ್ಲಿ ಹೆಚ್ಚು ಇನ್‌ಸ್ಟಾಲ್ ಆಯ್ತು ಅಂತ ಲೆಕ್ಕ ಕೊಡುತ್ತದೆ. ಕೇಳೋಕೆ ಚೆಂದ, ಸಣ್ಣ ಆಟಕ್ಕೆ ಮೋಸ ಮಾಡುತ್ತದೆ. ದಿನಕ್ಕೆ 40 ಜನ ಪುಟ ನೋಡ್ತಾರೆ, ನೂರರಲ್ಲಿ 20 ಜನ ಇನ್‌ಸ್ಟಾಲ್ ಮಾಡ್ತಾರೆ ಅಂತಿಟ್ಟುಕೊಳ್ಳಿ. ಹೊಸ ಐಕನ್ ಅದನ್ನ 22ಕ್ಕೆ ಏರಿಸುತ್ತದೆಯೇ ಅಂತ ನಂಬುವ ಹಾಗೆ ತಿಳಿಯಲು ಪ್ರತಿ ಕಡೆ ಸುಮಾರು 6500 ಜನ ಬೇಕು. ಪ್ರತಿ ಕಡೆ ದಿನಕ್ಕೆ ಇಪ್ಪತ್ತೇ ಜನ ಆದರೆ ಹತ್ತಿರ ಹತ್ತಿರ ಒಂದು ವರ್ಷ. ಅದೇ 20ರಿಂದ 30ಕ್ಕೆ ಜಿಗಿಯುವಂಥ ವ್ಯತ್ಯಾಸ ಇದ್ದರೆ ಪ್ರತಿ ಕಡೆ 300 ಜನ ಸಾಕು, ಎರಡು ವಾರದ ಕೆಲಸ. ಆದ್ದರಿಂದ ಕೆಂಪನ್ನು ಇನ್ನಷ್ಟು ಕೆಂಪು ಮಾಡಿ ಪರೀಕ್ಷಿಸೋದು ವ್ಯರ್ಥ. ಮಣೆಯೋ ಕವಡೆಯೋ, ಮೆನುವೋ ಕಡಿಯುವ ಕ್ಷಣವೋ, ಇಂಥ ದೊಡ್ಡ ಬದಲಾವಣೆ ಒಂದೊಂದನ್ನೇ ಇಡಬೇಕು. ಮೂರನೇ ದಿನ ಹೊಸದು ಮುಂದಿದೆ ಅಂತ ಕಂಡ ಕೂಡಲೇ ನಿಲ್ಲಿಸಲೂಬಾರದು, ನಾಲ್ಕು ಸಲ ಕವಡೆ ಹಾಕಿ ಎರಡು ಬಾರಾ ಬಿದ್ದ ಹಾಗೆ ಅದು.

ಈಗ ಇಂಗ್ಲಿಷ್, ಕನ್ನಡ ಲಿಸ್ಟಿಂಗ್ ಹೋಗಿವೆ. ಮರಾಠಿಯದು ಬರೆದು ಮುಗಿದಿದೆ, ಆದರೆ ಗೆಳೆಯ ತಡೆದಿದ್ದಾನೆ. ಆಟದೊಳಗೆ ಗುಂಡಿಗಳೆಲ್ಲ ಇನ್ನೂ ಕನ್ನಡ ಮತ್ತು ಇಂಗ್ಲಿಷ್‌ನಲ್ಲೇ ಇವೆ. "ಹೊರಗ ಮರಾಠಿ ಬೋರ್ಡ್ ಹಾಕಿ ಒಳಗ ಕರದ್ರ ಬೈಸ್ಕೊಳ್ಳೋದು ನಾನಲೇ" ಅಂದ. ಅನುವಾದ ಸೇರಿದ ಮೇಲೆ ಆ ಪರದೆಗಳಿಂದಲೇ ಹೊಸ ಸ್ಕ್ರೀನ್‌ಶಾಟ್ ತೆಗೆದು, ಮೂರನೆಯ ಬಾಗಿಲು ತೆರೆಯುತ್ತಾನೆ.