ನಿಮಗಿದು ಗೊತ್ತೆ? ಭೂಮಿಗೆ ತಂಪೆರೆದ ಜ್ವಾಲಾಮುಖಿ

ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ 1991ರ ಜೂನ್ 15ರಂದು ಸಿಡಿದಾಗ ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಅನಿಲ ವಾಯುಮಂಡಲದ ಸ್ತರಗೋಳಕ್ಕೆ ನುಗ್ಗಿತು. ಭೂಮಿಯನ್ನು ತಂಪಾಗಿಸಿದ್ದು ಬೂದಿಯಲ್ಲ. ಅದರ ಬಹುಪಾಲು ಬೇಗನೆ ನೆಲಕ್ಕೆ ಬಿದ್ದುಹೋಗಿತ್ತು. ತಂಪಾಗಿಸಿದ್ದು ಈ ಅನಿಲವೇ. ಅದು ಕೆಲವು ವಾರಗಳಲ್ಲಿ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಗಿ ಮಾರ್ಪಟ್ಟಿತು. ಸುಮಾರು ಮೂರು ವಾರಗಳಲ್ಲಿ ಜಗತ್ತನ್ನೇ ಸುತ್ತಿಬಂದ ಆ ತೆಳು ಮುಸುಕು ಸೂರ್ಯನ ಬೆಳಕಿನ ಒಂದಂಶವನ್ನು ಬಾಹ್ಯಾಕಾಶಕ್ಕೆ ಮರಳಿಸಿತು. 1992ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಸ್ವಾರಸ್ಯವೆಂದರೆ, ಹನಿಗಳು ಶಾಖವನ್ನು ಹೀರಿದ್ದರಿಂದ ಸ್ತರಗೋಳ ಮಾತ್ರ ಬಿಸಿಯಾಯಿತು. ಕೆಳಗಿನ ಗಾಳಿಯಲ್ಲಿದ್ದಿದ್ದರೆ ಇಂಥ ಹನಿಗಳನ್ನು ಮಳೆ ಕೆಲವೇ ದಿನಗಳಲ್ಲಿ ತೊಳೆದುಬಿಡುತ್ತಿತ್ತು. ಸ್ತರಗೋಳದಲ್ಲಿ ಮಳೆಯಿಲ್ಲ. ಅಲ್ಲಿಂದ ಅವು ನಿಧಾನವಾಗಿ ಕೆಳಗಿಳಿಯಲು ಒಂದೆರಡು ವರ್ಷ ಬೇಕಾಯಿತು. ತಂಪು ಉಳಿದದ್ದೂ ಅಷ್ಟೇ ಕಾಲ.